ಮನೆಯ ಮಯೋನೀಸಿಗೆ ಹಸಿ ಮೊಟ್ಟೆ ಬೇಡ: ಹಳದಿಯನ್ನು ಕೆಡದ ಹಾಗೆ ಬಿಸಿ ಮಾಡುವ ಕ್ರಮ

2023ರ ಜನವರಿಯಲ್ಲಿ ಕೇರಳ ಸರಕಾರ ಹೋಟೆಲು, ಬೇಕರಿ, ಬೀದಿಬದಿಯ ತಟ್ಟುಕಡೆಗಳಲ್ಲಿ ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿತು. ಮೊಟ್ಟೆಯೇ ಇಲ್ಲದ್ದು ಆಗಬಹುದು, ಹದವಾದ ಬಿಸಿಯಲ್ಲಿ ರೋಗಾಣು ಕೊಂದ, ಎಂದರೆ ಪಾಶ್ಚರೀಕರಿಸಿದ, ಮೊಟ್ಟೆಯದ್ದೂ ಆಗಬಹುದು, ಹಸಿ ಮೊಟ್ಟೆಯದ್ದು ಮಾತ್ರ ಕೂಡದು. 2024ರ ಅಕ್ಟೋಬರಿನಲ್ಲಿ ತೆಲಂಗಾಣ, 2025ರ ಏಪ್ರಿಲಿನಲ್ಲಿ ತಮಿಳುನಾಡು ತಲಾ ಒಂದು ವರ್ಷದ ಮಟ್ಟಿಗೆ ಇದೇ ಆದೇಶ ಹೊರಡಿಸಿದವು. ಹಾಗಾಗಿ ನಮ್ಮ ಕಾಸರಗೋಡಿನ ಉಪ್ಪಳದಲ್ಲೋ ಕುಂಬಳೆಯಲ್ಲೋ ಕೆಂಡದಲ್ಲಿ ಸುಟ್ಟ ಕೋಳಿಯ ಅಲ್ಫಾಮ್ ಪಾರ್ಸೆಲ್ ತಂದರೆ ಅದರ ಜೊತೆ ಬರುವ ಬಿಳಿ ಪೊಟ್ಟಣದ ಮೇಲೆ ಕಾಯಿದೆಯ ಕಣ್ಣಾದರೂ ಇದೆ. ಮನೆಯ ಮಿಕ್ಸಿಯ ಮೇಲೆ ಯಾರ ಕಣ್ಣೂ ಇಲ್ಲ. ಪಾರ್ಸೆಲಿನ ಪೊಟ್ಟಣ ಮಕ್ಕಳಿಗೆ ಸಾಲುವುದಿಲ್ಲವಾದ್ದರಿಂದ ಒಂದು ಇಡೀ ಮೊಟ್ಟೆ, ನಾಲ್ಕು ಎಸಳು ಬೆಳ್ಳುಳ್ಳಿ, ಉಪ್ಪು, ಒಂದು ಚಮಚ ವಿನೆಗರ್, ಎಣ್ಣೆ ಎಲ್ಲವನ್ನೂ ಚಟ್ನಿ ಜಾರಿಗೆ ಸುರಿದು ತಿರುಗಿಸುವುದು ನಮ್ಮ ಕಡೆ ಈಗ ಚಟ್ನಿ ಅರೆದಷ್ಟೇ ಮಾಮೂಲು. ಆ ಮೊಟ್ಟೆಗೆ ಕೊನೆಯವರೆಗೂ ಬಿಸಿ ತಾಗುವುದೇ ಇಲ್ಲ.

ಬಿಸಿಯೊಂದನ್ನು ಸೇರಿಸಿದರೆ ಸಮಸ್ಯೆ ಮುಗಿಯುತ್ತದೆ. ಆದರೆ ಎಷ್ಟು ಬಿಸಿ, ಯಾವ ಹಂತದಲ್ಲಿ, ಮೊಟ್ಟೆ ಬೆಂದು ಗಟ್ಟಿಯಾಗದ ಹಾಗೆ ಹೇಗೆ ಎನ್ನುವುದು ಗೊತ್ತಿರಬೇಕು. ಮೊದಲು ಮಯೋನೀಸನ್ನೇ ವಿವರವಾಗಿ ನೋಡಿ, ಆಮೇಲೆ ಅದೇ ಲೆಕ್ಕವನ್ನು ಪುಡ್ಡಿಂಗಿಗೂ ಮೊಟ್ಟೆ ಹಾಲಿಗೂ ಹಚ್ಚೋಣ.

ಮೊಟ್ಟೆಯ ಒಳಗೇ ಇರಬಹುದು

ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕೋಳಿಯ ಕರುಳಿನಲ್ಲಿ ಬದುಕುತ್ತದೆ. ಹಿಕ್ಕೆಯ ಮೂಲಕ ಚಿಪ್ಪಿಗೆ ಅಂಟುವುದು ಒಂದು ದಾರಿ. ಇನ್ನೊಂದು ದಾರಿ ಹೆಚ್ಚು ತೊಂದರೆಯದ್ದು: ಸಾಲ್ಮೊನೆಲ್ಲಾ ಎಂಟರಿಟಿಡಿಸ್ ಎಂಬ ಬಗೆ ಕೋಳಿಯ ಅಂಡಾಶಯಕ್ಕೇ ಸೇರಿಕೊಂಡು, ಚಿಪ್ಪು ಮೂಡುವ ಮೊದಲೇ ಮೊಟ್ಟೆಯ ಒಳಗೆ ಸೇರಬಲ್ಲದು. ಅಂಥ ಮೊಟ್ಟೆಯ ಚಿಪ್ಪು ಎಷ್ಟು ಚೊಕ್ಕವಾಗಿದ್ದರೂ ಒಳಗಿನ ವಿಷಯ ಬೇರೆ. ವಾಸನೆ, ಬಣ್ಣ, ರುಚಿ ಯಾವುದೂ ಬದಲಾಗುವುದಿಲ್ಲ. ನೀರಿನಲ್ಲಿ ಮುಳುಗುತ್ತದೋ ತೇಲುತ್ತದೋ ಎಂದು ನೋಡುವ ಪರೀಕ್ಷೆ ಮೊಟ್ಟೆ ಎಷ್ಟು ಹಳತು ಎಂಬುದನ್ನು ಮಾತ್ರ ತಿಳಿಸುತ್ತದೆ.

ನಾಮಕ್ಕಲ್ಲಿನಿಂದ ಲಾರಿಯಲ್ಲಿ ಬರುವ ಫಾರ್ಮ್ ಮೊಟ್ಟೆಗೆ ಈ ಅಪಾಯ, ಹಿತ್ತಿಲಿನ ಊರ ಕೋಳಿಯ ಮೊಟ್ಟೆಗೆ ಇಲ್ಲ ಎಂದು ನಂಬುವವರು ಬಹಳ. ಊರ ಕೋಳಿ ಹಟ್ಟಿಯ ಗೊಬ್ಬರ ಕೆದಕಿ, ಹಲ್ಲಿ, ಇಲಿ, ಕಾಗೆ ಓಡಾಡುವ ಜಾಗದಲ್ಲೇ ಮೇಯುತ್ತದೆ. ರುಚಿಯಲ್ಲಿ ಅದಕ್ಕೆ ನನ್ನ ಓಟು, ಆದರೆ ಹಸಿಯಾಗಿ ತಿನ್ನಲು ಅಲ್ಲ.

ಚಿಪ್ಪನ್ನು ಮೊದಲೇ ತಣ್ಣೀರಿನಲ್ಲಿ ತೊಳೆದು ಇಡುವ ಅಭ್ಯಾಸವನ್ನೂ ಬಿಡಬೇಕು. ಚಿಪ್ಪಿನ ಮೇಲೆ ಸಹಜವಾದೊಂದು ತೆಳು ಪೊರೆ ಇರುತ್ತದೆ, ತೊಳೆದರೆ ಅದು ಹೋಗುತ್ತದೆ. ಮೇಲಾಗಿ ಬೆಚ್ಚಗಿನ ಮೊಟ್ಟೆ ತಣ್ಣೀರಿಗೆ ಬಿದ್ದಾಗ ಒಳಭಾಗ ಕುಗ್ಗಿ, ಚಿಪ್ಪಿನ ಸಣ್ಣ ರಂಧ್ರಗಳ ಮೂಲಕ ಹೊರಗಿನ ಕೊಳೆನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಹಿಕ್ಕೆ ಅಂಟಿದ್ದರೆ ಒಣ ಬಟ್ಟೆಯಲ್ಲೋ ಕಾಗದದಲ್ಲೋ ಒರೆಸಿ. ಬಿರುಕು ಬಿಟ್ಟ ಮೊಟ್ಟೆಯನ್ನು ಈ ಕೆಲಸಕ್ಕೆ ತೆಗೆದುಕೊಳ್ಳಲೇಬೇಡಿ.

ನಿಂಬೆಹುಳಿ ಹಿಂಡಿದರೆ ಸಾಲದಾ?

ಪಕ್ಕದ ಮನೆಯ ಹುಡುಗಿ ಮೊನ್ನೆ ಇದನ್ನೇ ಕೇಳಿದಳು: "ಅಕ್ಕಾ, ನಿಂಬೆಹುಳಿ ಹಾಕಿದರೆ ಎಲ್ಲ ಸಾಯ್ತದಲ್ಲ, ಮತ್ತೆ ಬಿಸಿ ಯಾಕೆ?" ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಹುಳಿ ಸಾಕಷ್ಟು ಇದ್ದರೆ ಸಾಲ್ಮೊನೆಲ್ಲಾ ಸಾಯುವುದು ಹೌದು. ಆದರೆ ಆ "ಸಾಕಷ್ಟು" ಎಂದರೆ, ಹುಳಿ ಹೆಚ್ಚಿದಂತೆ ಇಳಿಯುವ ಪಿಎಚ್ ಸುಮಾರು 4ರ ಆಸುಪಾಸು ಅಥವಾ ಅದಕ್ಕೂ ಕೆಳಗೆ. ಅಷ್ಟಾದರೂ ತಕ್ಷಣ ಸಾಯುವುದಿಲ್ಲ, ಗಂಟೆಗಟ್ಟಲೆ ಸಮಯ ಹಿಡಿಯುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹುಳಿಯಾಗುತ್ತದೆಂದು ಒಂದು ಚಮಚಕ್ಕೆ ನಿಲ್ಲಿಸುತ್ತೇವೆ, ಇಡೀ ಮೊಟ್ಟೆಯ ಬಿಳಿಯೂ ಸೇರಿ ಆ ಹುಳಿಯನ್ನು ಇನ್ನಷ್ಟು ತಗ್ಗಿಸುತ್ತದೆ. ಆಮೇಲೆ ಮಾಡಿದ ಹತ್ತು ನಿಮಿಷಕ್ಕೇ ತಿನ್ನಲು ಕೂರುತ್ತೇವೆ.

ಇನ್ನೂ ಒಂದು ವಿಚಿತ್ರವಿದೆ. ಹುಳಿ ತನ್ನ ಕೆಲಸ ಮಾಡುವುದು ಹೊರಗಿನ ಉಷ್ಣತೆಯಲ್ಲಿ ಬೇಗ, ಫ್ರಿಜ್ಜಿನಲ್ಲಿ ನಿಧಾನ. ಮಯೋನೀಸ್ ಮಾಡಿದ ಕೂಡಲೇ ಫ್ರಿಜ್ಜಿಗೆ ಇಟ್ಟರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಆದರೆ ಬೇಗ ಸಾಯುವುದೂ ಇಲ್ಲ. ಹೊರಗೆ ಬಿಟ್ಟರೆ, ಹುಳಿ ಕಡಿಮೆಯಿದ್ದಲ್ಲಿ, ಬೆಳೆಯುತ್ತದೆ. ಮನೆಯಲ್ಲಿ ಪಿಎಚ್ ಅಳೆಯುವವರು ಯಾರೂ ಇಲ್ಲ, ಆದ್ದರಿಂದ ಹುಳಿಯನ್ನು ರುಚಿಗೆಂದೇ ಹಾಕಿ, ಕಾವಲಿಗೆ ನಂಬಬೇಡಿ. ಅಂಗಡಿಯ ಬಾಟಲಿ ಮಯೋನೀಸಿನ ಕತೆ ಬೇರೆ: ಕಾರ್ಖಾನೆಯಲ್ಲಿ ಹುಳಿಯನ್ನು ಅಳೆದು ಹಾಕುತ್ತಾರೆ, ಮೊಟ್ಟೆಯಿರುವ ಬಾಟಲಿಯಾದರೆ ಪಾಶ್ಚರೀಕರಿಸಿದ ಮೊಟ್ಟೆಯನ್ನು ಬಳಸುತ್ತಾರೆ. ರುಚಿಯ ಹಟ ಇಲ್ಲದವರು ಬಾಟಲಿಯನ್ನೇ ತಂದು ಬೆಳ್ಳುಳ್ಳಿ ಅರೆದು ಸೇರಿಸಿದರೆ ಈ ಲೇಖನದ ಅರ್ಧ ಭಾಗ ಬೇಕಾಗುವುದಿಲ್ಲ.

ಬಿಸಿ ಮಾಡಿದ ಹಳದಿಯ ಮಯೋನೀಸ್

ಮೊಟ್ಟೆಯ ಬಿಳಿ 62 ಡಿಗ್ರಿ ಸೆಲ್ಸಿಯಸ್ಸಿನ ಹೊತ್ತಿಗೆ ಗಟ್ಟಿಯಾಗಲು ಶುರುವಾಗುತ್ತದೆ. ಹಳದಿ 65ರಿಂದ 70ರ ನಡುವೆ. ಸಾಲ್ಮೊನೆಲ್ಲಾ ಅಲ್ಲಿಗಲ್ಲಿಗೇ ಸಾಯಬೇಕಾದರೆ 71 ಡಿಗ್ರಿ ಬೇಕು. ಬರಿಯ ಹಳದಿಯನ್ನು 71ಕ್ಕೆ ಒಯ್ದರೆ ಬೆಂದ ಮೊಟ್ಟೆಯ ಪುಡಿಯಾಗುತ್ತದೆ. ಅದೇ ಹಳದಿಗೆ ನೀರು, ಹುಳಿ, ಸಕ್ಕರೆ ಸೇರಿಸಿ ತೆಳ್ಳಗೆ ಮಾಡಿದರೆ ಅದು ಗಂಟಾಗುವ ಉಷ್ಣತೆ ಮೇಲಕ್ಕೆ ಹೋಗುತ್ತದೆ, ನಮಗೆ ನಾಲ್ಕೈದು ಡಿಗ್ರಿಯ ಅವಕಾಶ ಸಿಗುತ್ತದೆ. ಇಡೀ ವಿದ್ಯೆ ಇಷ್ಟೇ. ಇಡೀ ಮೊಟ್ಟೆ ಬಿಟ್ಟು ಹಳದಿ ಮಾತ್ರ ತೆಗೆದುಕೊಳ್ಳುವುದೂ ಇದೇ ಕಾರಣಕ್ಕೆ. ಬಿಳಿಯನ್ನು ಆಮ್ಲೆಟ್ಟಿಗೆ ಇಟ್ಟುಕೊಳ್ಳಿ.

ನಾಲ್ಕೈದು ಮಂದಿಗೆ ಬೇಕಾದ ಅಳತೆ: ಹಳದಿ 2, ನಿಂಬೆರಸ ಅಥವಾ ವಿನೆಗರ್ 2 ದೊಡ್ಡ ಚಮಚ, ನೀರು 2 ದೊಡ್ಡ ಚಮಚ, ಸಕ್ಕರೆ 1 ಸಣ್ಣ ಚಮಚ, ಸಾಸಿವೆ ಪುಡಿ ಅರ್ಧ ಸಣ್ಣ ಚಮಚ, ಉಪ್ಪು ಅರ್ಧ ಸಣ್ಣ ಚಮಚ, ಬೆಳ್ಳುಳ್ಳಿ ಮೂರು ನಾಲ್ಕು ಎಸಳು, ಸೂರ್ಯಕಾಂತಿ ಎಣ್ಣೆ 1 ಕಪ್. ತೆಂಗಿನೆಣ್ಣೆ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಹಾಗಾಗಿ ಫ್ರಿಜ್ಜಿಗೆ ಇಟ್ಟ ಮಯೋನೀಸ್ ಮಾರನೆಯ ದಿನ ಕಲ್ಲಾಗಿ, ಹೊರಗೆ ತೆಗೆದಾಗ ಒಡೆದು ನೀರು ಬಿಡುತ್ತದೆ.

ಒಂದು ಪಾತ್ರೆಯಲ್ಲಿ ಎರಡು ಬೆರಳು ನೀರು ಕುದಿಯಲು ಇಡಿ. ಅದರ ಮೇಲೆ ಕೂರುವಂಥ, ತಳ ನೀರಿಗೆ ತಾಗದಂಥ ಸ್ಟೀಲ್ ಬಟ್ಟಲಿಗೆ ಹಳದಿ, ಹುಳಿ, ನೀರು, ಸಕ್ಕರೆ, ಸಾಸಿವೆ ಪುಡಿ, ಉಪ್ಪು ಹಾಕಿ ಮೊದಲು ಒಲೆಯ ಹೊರಗೇ ಚೆನ್ನಾಗಿ ಕಲಕಿ. ನೀರು ಕುದಿದ ಮೇಲೆ ಉರಿ ತಗ್ಗಿಸಿ ಬಟ್ಟಲನ್ನು ಹಬೆಯ ಮೇಲಿಡಿ. ಈಗ ಕೈ ನಿಲ್ಲಿಸುವಂತಿಲ್ಲ. ಸಟ್ಟುಗ ಬಟ್ಟಲಿನ ತಳ ಮತ್ತು ಅಂಚನ್ನು ಕೆರೆಯುತ್ತಲೇ ಇರಬೇಕು, ಏಕೆಂದರೆ ಮೊದಲು ಬೇಯುವುದು ಅಲ್ಲೇ. ನೊರೆ ನೊರೆಯಾಗಿದ್ದದ್ದು ಸ್ವಲ್ಪ ಹೊತ್ತಿಗೆ ದಪ್ಪವಾಗಿ, ಸಟ್ಟುಗದ ಹಿಂಬದಿಗೆ ಅಂಟಿಕೊಳ್ಳತೊಡಗುತ್ತದೆ. ಬೆರಳಿನಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳಬಾರದು. ಕಡ್ಡಿಯಂಥ ಡಿಜಿಟಲ್ ಥರ್ಮಾಮೀಟರ್ ಇದ್ದರೆ 71 ಕಾಣುವವರೆಗೆ ಕಾಯಿರಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಅಡುಗೆಯದ್ದೇ ಬೇಕು. ಅದು ಇಲ್ಲದಿದ್ದರೆ ಬಟ್ಟಲಿನ ಬದಲು ದಪ್ಪ ತಳದ ಸಣ್ಣ ಪಾತ್ರೆಯಲ್ಲಿ, ತೀರಾ ಸಣ್ಣ ಉರಿಯಲ್ಲಿ ನೇರವಾಗಿ ಬಿಸಿ ಮಾಡಿ. ಒಂದೆರಡು ಕಡೆ ಗುಳ್ಳೆ ಏಳುವುದು ಕಂಡ ಕೂಡಲೇ ಇಳಿಸಿದರೆ ಬೇಕಾದ ಬಿಸಿ ಬಂದಿದೆ ಎಂದು ಲೆಕ್ಕ.

ಇಳಿಸಿದ ಮೇಲೆ ನಾಲ್ಕೈದು ನಿಮಿಷ ಆರಲು ಬಿಡಿ, ಪೂರ್ತಿ ತಣ್ಣಗಾಗಬೇಕಿಲ್ಲ. ಅದನ್ನು ಬೆಳ್ಳುಳ್ಳಿಯ ಜೊತೆ ಚಟ್ನಿ ಜಾರಿಗೆ ಹಾಕಿ ಒಂದು ಸುತ್ತು ತಿರುಗಿಸಿ. ಮೊದಲ ಕಾಲು ಕಪ್ ಎಣ್ಣೆಯನ್ನು ಚಮಚ ಚಮಚವಾಗಿ, ಪ್ರತಿ ಸಲ ತಿರುಗಿಸುತ್ತಾ ಸೇರಿಸಬೇಕು. ಹಳದಿಯಲ್ಲಿರುವ ಲೆಸಿಥಿನ್ ಎಂಬ ಅಂಶ ಎಣ್ಣೆಯ ಹನಿಗಳನ್ನು ಹಿಡಿದುಕೊಳ್ಳಲು ಶುರುಮಾಡುವುದು ಆಗಲೇ. ಅಲ್ಲಿಂದಾಚೆ ಸಣ್ಣ ಧಾರೆಯಾಗಿ ಸುರಿಯಬಹುದು. ಮಿಕ್ಸಿಯ ಶಬ್ದ ಮಂದವಾಗಿ, ಒಳಗಿನದ್ದು ಸುತ್ತದೆ ಒಂದೇ ಕಡೆ ನಿಲ್ಲತೊಡಗಿದರೆ ಮಯೋನೀಸ್ ಆಯಿತೆಂದೇ ಅರ್ಥ. ಇನ್ನೂ ತಿರುಗಿಸಿದರೆ ಜಾರು ಬಿಸಿಯಾಗಿ ಒಡೆಯುತ್ತದೆ.

ಒಡೆದರೆ? ಅಡುಗೆಯ ವಿಡಿಯೊಗಳಲ್ಲಿ ಇದಕ್ಕೆ ಸಿಗುವ ಉಪಾಯ ಇನ್ನೊಂದು ಹಸಿ ಹಳದಿ ಸೇರಿಸುವುದು. ಅಲ್ಲಿಗೆ ಇಷ್ಟು ಹೊತ್ತು ಪಟ್ಟ ಶ್ರಮ ವ್ಯರ್ಥ. ಅದರ ಬದಲು ಜಾರು ಖಾಲಿ ಮಾಡಿ, ಒಂದು ಚಮಚ ಬಿಸಿನೀರು ಮತ್ತು ಚಿಟಿಕೆ ಸಾಸಿವೆ ಪುಡಿ ಹಾಕಿ, ಒಡೆದದ್ದನ್ನು ಚಮಚ ಚಮಚವಾಗಿ ಅದಕ್ಕೆ ಸೇರಿಸುತ್ತಾ ತಿರುಗಿಸಿದರೆ ಹೆಚ್ಚಿನ ಸಲ ಕೂಡಿಕೊಳ್ಳುತ್ತದೆ.

ಎಲ್ಲ ಸರಿಯಾಗಿ ಮಾಡಿಯೂ ಕೆಡುವ ಒಂದು ಜಾಗವಿದೆ. ಮೊಟ್ಟೆ ಒಡೆದ ಕೈ, ಹಳದಿ ಬೇರ್ಪಡಿಸಿದ ತಟ್ಟೆ, ಬಿಸಿಗೆ ಮೊದಲು ಕಲಕಿದ ಚಮಚ, ಇವು ಮೂರೂ ಹಸಿ ಮೊಟ್ಟೆ ಮೆತ್ತಿಕೊಂಡಿರುತ್ತವೆ. ಕಲಕಲು ಬಳಸಿದ ಸಟ್ಟುಗ ಬಟ್ಟಲಿನಲ್ಲೇ ಇದ್ದು ಜೊತೆಗೆ ಬಿಸಿಯಾಗಲಿ. ಉಳಿದದ್ದನ್ನು ಸೋಪು ಹಾಕಿ ತೊಳೆದು, ಕೈ ತೊಳೆದು, ಆಮೇಲೆ ಮಿಕ್ಸಿಯ ಜಾರನ್ನು ಮುಟ್ಟಿ. ಉರಿ ಹಚ್ಚುವ ಮೊದಲೇ ರುಚಿ ನೋಡಬೇಡಿ ಎಂದೂ ಹೇಳಬೇಕಾಗಿದೆ, ಉಪ್ಪು ನೋಡದೆ ನಮ್ಮವರಿಗೆ ಸಮಾಧಾನವಿಲ್ಲ.

ಹದಿನೈದು ಮಕ್ಕಳ ಹುಟ್ಟುಹಬ್ಬ

ಏಪ್ರಿಲ್ ತಿಂಗಳ ಒಂದು ಸಂಜೆ, ಬದಿಯಡ್ಕದ ಮನೆಯೊಂದರಲ್ಲಿ ಹುಟ್ಟುಹಬ್ಬ ಎಂದುಕೊಳ್ಳಿ. ಹೊರಗೆ 33 ಡಿಗ್ರಿ. ನಾಲ್ಕು ಗಂಟೆಗೆ ನಾಲ್ಕು ಮೊಟ್ಟೆಯ ಹಸಿ ಮಯೋನೀಸ್ ಮಾಡಿ ಮೇಜಿನ ಮೇಲಿಟ್ಟರು. ನಾಲ್ಕರಲ್ಲಿ ಒಂದೇ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇದ್ದರೂ ಮಿಕ್ಸಿ ಅದನ್ನು ಇಡೀ ಬಟ್ಟಲಿಗೆ ಹಂಚಿಬಿಡುತ್ತದೆ, ಆಮ್ಲೆಟ್ಟಿನ ಹಾಗೆ ಒಬ್ಬರ ತಟ್ಟೆಗೆ ಸೀಮಿತವಾಗಿ ಉಳಿಯುವುದಿಲ್ಲ. ಹುಳಿ ಕಡಿಮೆಯಿದ್ದು ಬೆಚ್ಚಗಿನ ವಾತಾವರಣ ಸಿಕ್ಕಿದರೆ ಅದು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗಬಲ್ಲದು. ನಾಲ್ಕಕ್ಕೆ ನೂರು ಇದ್ದದ್ದು ಒಂಬತ್ತು ಗಂಟೆಗೆ ಹತ್ತು ಸಲ ದುಪ್ಪಟ್ಟಾಗಿ ಲಕ್ಷ ದಾಟುತ್ತದೆ. ಆರು ಗಂಟೆಗೆ ತಿಂದು ಓಡಿದ ಮಗುವಿಗೆ ಏನೂ ಆಗದೆ, ಕೊನೆಯಲ್ಲಿ ಉಳಿದದ್ದನ್ನು ಚಪಾತಿಗೆ ಸವರಿಕೊಂಡು ತಿಂದ ಅಜ್ಜಿ ಮಲಗುವಂತಾಗಲು ಇದೂ ಒಂದು ಕಾರಣ.

ಅದೇ ಹುಟ್ಟುಹಬ್ಬಕ್ಕೆ ಬಿಸಿ ಮಾಡಿದ ಹಳದಿಯ ವಿಧಾನದಲ್ಲಿ ಮೇಲಿನ ಅಳತೆಯ ಎರಡು ಪಟ್ಟು ಮಾಡಿದರೆ ಸಾಕು: ನಾಲ್ಕು ಹಳದಿ, ಎರಡು ಕಪ್ ಎಣ್ಣೆ. ಮೂರು ಗಂಟೆಗೇ ಮಾಡಿ, ಮೂರು ನಾಲ್ಕು ಸಣ್ಣ ಬಟ್ಟಲುಗಳಿಗೆ ಹಂಚಿ ಮುಚ್ಚಿ ಫ್ರಿಜ್ಜಿಗಿಡಿ. ಊಟಕ್ಕೆ ಒಂದೊಂದೇ ಬಟ್ಟಲು ಹೊರಗೆ ಬರಲಿ, ಒಂದು ಗಂಟೆ ಕಳೆದದ್ದನ್ನು ತೆಗೆದು ಹೊಸದು ಇಡಿ. ಹೊರಗಿದ್ದ ಬಟ್ಟಲಿನಲ್ಲಿ ಉಳಿದದ್ದು ಕಸಕ್ಕೆ, ಮತ್ತೆ ಫ್ರಿಜ್ಜಿಗೆ ಅಲ್ಲ. ಬಿಸಿ ಮಾಡಿದ್ದರೂ ಈ ಎಚ್ಚರ ಬೇಕು, ಏಕೆಂದರೆ ಹದಿನೈದು ಮಕ್ಕಳ ಕೈ, ಕೋಳಿಯ ತುಂಡು, ಕಚ್ಚಿದ ಸೌತೆಕಾಯಿ ಎಲ್ಲವೂ ಅದರೊಳಗೆ ಅದ್ದಿ ಬಂದಿರುತ್ತವೆ. ಮುಟ್ಟದೆ ಫ್ರಿಜ್ಜಿನಲ್ಲೇ ಇದ್ದ ಬಟ್ಟಲನ್ನು ಮೂರು ದಿನದೊಳಗೆ ಮುಗಿಸಿ.

ಮೊಟ್ಟೆಯೇ ಬೇಡ ಎನ್ನುವ ಮನೆಗೆ ಹಾಲಿನ ಮಯೋನೀಸ್ ಇದೆ. ಕಾಯಿಸಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿದ ಗಟ್ಟಿ ಹಾಲು ಅರ್ಧ ಕಪ್, ಎಣ್ಣೆ ಒಂದು ಕಪ್, ಬೆಳ್ಳುಳ್ಳಿ, ಉಪ್ಪು, ಸಾಸಿವೆ ಪುಡಿ ಸೇರಿಸಿ ತಿರುಗಿಸಿ, ದಪ್ಪವಾದ ಮೇಲೆ ಕೊನೆಯಲ್ಲಿ ನಿಂಬೆರಸ ಒಂದು ದೊಡ್ಡ ಚಮಚ. ರುಚಿ ಸ್ವಲ್ಪ ಸಪ್ಪೆ, ಆದರೆ ಅಲ್ಫಾಮಿನ ಖಾರದ ಎದುರು ಯಾರಿಗೂ ಗೊತ್ತಾಗುವುದಿಲ್ಲ.

ಪಾಶ್ಚರೀಕರಿಸಿದ ಮೊಟ್ಟೆ, ಮತ್ತು ಮೂರು ನಿಮಿಷದ ವಿಡಿಯೊ

ಪಾಶ್ಚರೀಕರಿಸಿದ ಮೊಟ್ಟೆ ನಮ್ಮ ಪೇಟೆಗಳಲ್ಲಿ ಚಿಪ್ಪಿನ ರೂಪದಲ್ಲಿ ಸಿಗುವುದು ಅಪರೂಪ. ಸಿಗುವುದು ದ್ರವ ರೂಪದಲ್ಲಿ, ಬೇಕರಿಗಳಿಗೆ ಸರಕು ಕೊಡುವ ಅಂಗಡಿಗಳಲ್ಲಿ, ಪ್ಯಾಕೆಟ್ಟಿನಲ್ಲಿ. ಜಿಮ್ಮಿಗೆ ಹೋಗುವವರು ತರಿಸುವ ಬರಿಯ ಬಿಳಿಯ ಪ್ಯಾಕೂ ಇದೆ, ಮೊಟ್ಟೆ ಪುಡಿಯೂ ಇದೆ. ಪ್ಯಾಕಿನ ಮೇಲೆ "ಪಾಶ್ಚರೈಸ್ಡ್" ಎಂಬ ಪದ ಅಚ್ಚಾಗಿರಬೇಕು. "ಫ್ರೆಶ್", "ಆರ್ಗ್ಯಾನಿಕ್", "ಆ್ಯಂಟಿಬಯೋಟಿಕ್ ಇಲ್ಲದ" ಎಂದಿದ್ದರೆ ಅದು ಬೇರೆ ಮಾತು, ಸಾಲ್ಮೊನೆಲ್ಲಾಕ್ಕೂ ಅದಕ್ಕೂ ಸಂಬಂಧವಿಲ್ಲ. ದ್ರವದ ಪ್ಯಾಕು ಅಂಗಡಿಯಲ್ಲಿ ತಣ್ಣಗೇ ಇತ್ತೇ ಎಂದು ನೋಡಿ. ತೆರೆದ ಮೇಲೆ ಎಷ್ಟು ದಿನ ಎಂದು ಪ್ಯಾಕಿನಲ್ಲೇ ಬರೆದಿರುತ್ತದೆ, ಅದನ್ನು ಮೀರಬೇಡಿ.

ಮೊಟ್ಟೆಯನ್ನು 60 ಡಿಗ್ರಿ ನೀರಿನಲ್ಲಿ ಮೂರು ನಿಮಿಷ ಇಟ್ಟರೆ ಮನೆಯಲ್ಲೇ ಪಾಶ್ಚರೀಕರಣವಾಯಿತು ಎಂದು ತೋರಿಸುವ ವಿಡಿಯೊಗಳನ್ನು ನೀವೂ ನೋಡಿರಬಹುದು. ತಪ್ಪು ಎಲ್ಲಿ ಆಗಿದೆಯೆಂದರೆ, 60 ಡಿಗ್ರಿಯಲ್ಲಿ ಮೂರೂವರೆ ನಿಮಿಷ ಎಂಬುದು ಕಾರ್ಖಾನೆಯಲ್ಲಿ ಒಡೆದು ಕಲಕಿದ ದ್ರವ ಮೊಟ್ಟೆಯ ಲೆಕ್ಕ. ಅಲ್ಲಿ ದ್ರವದ ಪ್ರತಿ ಹನಿಯೂ 60ರಲ್ಲಿ ಇರುತ್ತದೆ. ಚಿಪ್ಪಿನೊಳಗಿನ ಮೊಟ್ಟೆಯ ನಡುವಿಗೆ ಮೂರು ನಿಮಿಷದಲ್ಲಿ ಬಿಸಿ ತಲುಪುವುದೇ ಇಲ್ಲ. ಚಿಪ್ಪಿನೊಂದಿಗೇ ಮಾಡುವುದಾದರೆ 57 ಡಿಗ್ರಿ ನೀರಿನಲ್ಲಿ ಒಂದೂಕಾಲು ಗಂಟೆ, ಅದೂ ಒಂದು ಡಿಗ್ರಿ ಆಚೀಚೆ ಆಗದಂತೆ ಇಡಬೇಕು. ನೀರಿನ ಉಷ್ಣತೆ ಹಿಡಿದಿಡುವ ವಿದ್ಯುತ್ ಉಪಕರಣ ಇಲ್ಲದೆ ಗ್ಯಾಸ್ ಒಲೆಯಲ್ಲಿ ಅದು ಸಾಧ್ಯವಿಲ್ಲ: ಸ್ವಲ್ಪ ತಗ್ಗಿದರೆ ಬ್ಯಾಕ್ಟೀರಿಯಾ ಉಳಿಯುತ್ತದೆ, ಏರಿದರೆ ಬಿಳಿ ಬೇಯುತ್ತದೆ.

ಪುಡ್ಡಿಂಗು ಮತ್ತು ಮೊಟ್ಟೆ ಹಾಲು

ನಮ್ಮ ಜಿಲ್ಲೆಯ ಹಳೆಯ ಮೊಟ್ಟೆ ಸಿಹಿಗಳಿಗೆ ಈ ತೊಂದರೆ ಇಲ್ಲ. ಮಾಪಿಳ್ಳೆ ಮನೆಗಳ ಮುಟ್ಟಮಾಲದಲ್ಲಿ ಹಳದಿ ನೂಲಿನಂತೆ ಇಳಿಯುವುದು ಕುದಿಯುವ ಸಕ್ಕರೆ ಪಾಕಕ್ಕೆ. ಕ್ಯಾರಮೆಲ್ ಪುಡ್ಡಿಂಗು ಹಬೆಯಲ್ಲಿ ಬೇಯುತ್ತದೆ. ಹೊಸದಾಗಿ ಬಂದ ಮೂಸ್, ತಿರಾಮಿಸು, ಮನೆಯ ಐಸ್‌ಕ್ರೀಮುಗಳಲ್ಲೇ ಹಸಿ ಮೊಟ್ಟೆ ನುಸುಳುವುದು. ಫ್ರೀಜರಿನಲ್ಲಿ ಗಟ್ಟಿಯಾದರೂ ಸಾಲ್ಮೊನೆಲ್ಲಾ ಬದುಕಿರುತ್ತದೆ. ಇವುಗಳ ಹಳದಿಯನ್ನು ಪಾಕವಿಧಾನದಲ್ಲಿರುವ ಸಕ್ಕರೆ ಮತ್ತು ಸ್ವಲ್ಪ ಹಾಲಿನೊಂದಿಗೆ ಮೇಲೆ ಹೇಳಿದ ಹಬೆಯ ಬಟ್ಟಲಿನಲ್ಲೇ 71ಕ್ಕೆ ತನ್ನಿ. ನೊರೆ ಬರಿಸಿದ ಬಿಳಿ ಬೇಕೆಂದಿದ್ದರೆ ಅದರ ಬದಲು ಕಡೆದ ಕ್ರೀಮು ಹಾಕಿಬಿಡುವುದು ನನಗೆ ಕಂಡ ಸುಲಭದ ದಾರಿ.

ಮೊಟ್ಟೆ ಹಾಲಿನದ್ದು ಲೆಕ್ಕದ ಮಾತು. ಕುಡಿಯುವ ಹದದ ಹಾಲು, ಎಂದರೆ 60 ಡಿಗ್ರಿಯದ್ದು, 200 ಮಿಲಿ ಇದೆ ಎಂದುಕೊಳ್ಳಿ. ಅದಕ್ಕೆ 50 ಗ್ರಾಮಿನ ಒಂದು ಮೊಟ್ಟೆ ಒಡೆದು ಕಲಕಿದರೆ ಲೋಟದ ಉಷ್ಣತೆ 54ರ ಹತ್ತಿರ ಬಂದು ನಿಂತು, ಅಲ್ಲಿಂದ ಇಳಿಯುತ್ತಲೇ ಹೋಗುತ್ತದೆ. ಬಿಸಿ ಹಾಲಿಗೆ ಹಾಕಿದೆ, ಹಾಗಾಗಿ ಹಸಿಯಲ್ಲ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ತಣ್ಣಗಿನ ಹಾಲಿಗೇ ಮೊಟ್ಟೆ, ಸಕ್ಕರೆ, ಏಲಕ್ಕಿ ಸೇರಿಸಿ ಕಲಕಿ, ಸಣ್ಣ ಉರಿಯಲ್ಲಿ ತಿರುವುತ್ತಾ ಚಮಚಕ್ಕೆ ಅಂಟುವ ಹದಕ್ಕೆ ಬಿಸಿ ಮಾಡಿ, ಕುದಿಯುವ ಮೊದಲು ಇಳಿಸಿದರೆ ಅದೇ ಪಾನೀಯ ದಪ್ಪವಾಗಿ, ವಾಸನೆಯಿಲ್ಲದೆ ಸಿಗುತ್ತದೆ. ಶಕ್ತಿಗೆಂದು ಬೆಳಗ್ಗೆ ಹಸಿ ಮೊಟ್ಟೆ ನುಂಗುವ ಹುಡುಗರಿಗೆ ಒಂದು ಮಾತು: ಬೆಂದ ಮೊಟ್ಟೆಯ ಪ್ರೋಟೀನಿನಲ್ಲಿ ನೂರಕ್ಕೆ ತೊಂಬತ್ತರಷ್ಟು ದೇಹಕ್ಕೆ ಸೇರಿದರೆ, ಹಸಿಯದ್ದರಲ್ಲಿ ಸೇರುವುದು ಹೆಚ್ಚುಕಡಿಮೆ ಅರ್ಧ.

ಹೊಟ್ಟೆ ಕೆಟ್ಟರೆ

ಸಾಲ್ಮೊನೆಲ್ಲಾದ ಲಕ್ಷಣ ಹೆಚ್ಚಾಗಿ ತಿಂದ ಆರು ಗಂಟೆಯಿಂದ ಮೂರು ದಿನದೊಳಗೆ ಕಾಣಿಸುತ್ತದೆ: ಭೇದಿ, ಜ್ವರ, ಹೊಟ್ಟೆ ನುಲಿತ. ತಿಂದು ಎರಡು ಮೂರು ಗಂಟೆಯಲ್ಲೇ ವಾಂತಿ ಶುರುವಾದರೆ ಕಾರಣ ಬೇರೆ ಇರುವ ಸಾಧ್ಯತೆ ಹೆಚ್ಚು, ಕೈಯಿಂದ ಬಂದ ಸ್ಟೆಫಿಲೋಕಾಕಸ್ಸಿನ ವಿಷ ಅಷ್ಟು ಬೇಗ ಕೆಲಸ ಮಾಡುತ್ತದೆ. ಎಲ್ಲಕ್ಕೂ ಮಯೋನೀಸನ್ನೇ ದೂರುವುದೂ ಸರಿಯಲ್ಲ. 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಾಗ ರೋಗಿಗಳಲ್ಲಿ ಪತ್ತೆಯಾದದ್ದು ಶಿಗೆಲ್ಲಾ ಎಂಬ ಬೇರೆ ಬ್ಯಾಕ್ಟೀರಿಯಾ. ಟೈಫಾಯಿಡ್ ತರುವುದೂ ಸಾಲ್ಮೊನೆಲ್ಲಾದ ಒಂದು ಬಗೆಯೇ, ಆದರೆ ಅದು ಮನುಷ್ಯರಿಂದ ಮನುಷ್ಯರಿಗೆ ನೀರು, ಆಹಾರದ ಮೂಲಕ ಬರುವಂಥದ್ದು, ಕೋಳಿಯಿಂದಲ್ಲ.

ಆರೋಗ್ಯವಂತರಿಗೆ ನಾಲ್ಕರಿಂದ ಏಳು ದಿನದಲ್ಲಿ ತಾನಾಗಿ ಇಳಿಯುತ್ತದೆ, ಓಆರ್‌ಎಸ್ ಕುಡಿಯುತ್ತಿರಬೇಕು. ಮಲದಲ್ಲಿ ರಕ್ತ, 39 ಡಿಗ್ರಿ ದಾಟಿದ ಜ್ವರ, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು ಕಂಡರೆ ಆಸ್ಪತ್ರೆಗೆ ಹೋಗಬೇಕು. ಹಸುಗೂಸು, ಬಸುರಿ, ಮುದುಕರು, ಕ್ಯಾನ್ಸರಿಗೆ ಔಷಧಿ ತೆಗೆದುಕೊಳ್ಳುವವರಾದರೆ ಇಷ್ಟಕ್ಕೆಲ್ಲ ಕಾಯದೆ ಮೊದಲೇ ಹೋಗಬೇಕು. ರಕ್ತ ಅಥವಾ ಜ್ವರ ಇದ್ದಾಗ ಮೆಡಿಕಲ್ ಅಂಗಡಿಯಿಂದ ಭೇದಿ ನಿಲ್ಲಿಸುವ ಗುಳಿಗೆ ತಂದು ನುಂಗಬೇಡಿ, ಹಳೆಯ ಚೀಟಿಯ ಆ್ಯಂಟಿಬಯೋಟಿಕ್ಕನ್ನೂ ಶುರುಮಾಡಬೇಡಿ. ವೈದ್ಯರಿಗೆ ಕಳೆದ ಮೂರು ದಿನದಲ್ಲಿ ತಿಂದದ್ದನ್ನೂ, ಜೊತೆಗೆ ತಿಂದ ಬೇರೆ ಯಾರಿಗೆ ಹೀಗಾಗಿದೆ ಎಂಬುದನ್ನೂ ಹೇಳಿ. ಉಳಿದ ಮಯೋನೀಸ್ ಇದ್ದರೆ ಚೆಲ್ಲದೆ ಮುಚ್ಚಿ ಫ್ರಿಜ್ಜಿನಲ್ಲಿಡಿ, ಯಾರೂ ತಿನ್ನದಂತೆ ಮೇಲೆ ಚೀಟಿ ಅಂಟಿಸಿ. ಹಲವರು ಒಟ್ಟಿಗೆ ಮಲಗಿದರೆ ಆಹಾರ ಸುರಕ್ಷಾ ಅಧಿಕಾರಿಗಳು ಪರೀಕ್ಷೆಗೆ ಕೇಳುವುದು ಅದನ್ನೇ.